ಎಚ್‌ಪಿ ಹೆಚ್ಚಿಸುವ ಮೊದಲು ಎರಡು ಗೆರೆ ಎಳೆದು ನೋಡಿ

ಮಾರ್ಚ್ ಬಂತು ಅಂದ್ರೆ ಅಂಕೋಲಾ, ಕಾರವಾರದ ಪಂಪ್ ಅಂಗಡಿಗಳಲ್ಲಿ ಒಂದೇ ಮಾತು ಕೇಳಿಸುತ್ತದೆ. "ಮೇಲಿನ ತೋಟಕ್ಕೆ ನೀರು ಸಾಲ್ತಾ ಇಲ್ಲ. ಮೂರು ಎಚ್‌ಪಿ ಇದೆ, ಐದು ಕೊಡಿ." ಅಂಗಡಿಯವರು ಕೊಡುತ್ತಾರೆ. ಕೇಳಿದ್ದನ್ನು ಕೊಡುವುದು ಅವರ ಕೆಲಸ, ಅದರಲ್ಲಿ ತಪ್ಪಿಲ್ಲ. ಆದರೆ ಕೇಳಿದ್ದೇ ತಪ್ಪಾಗಿದ್ದರೆ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೇನೆ. ನಮ್ಮ ಕರಾವಳಿಯ ಗುಡ್ಡದ ಬುಡದ ತೋಟಗಳಲ್ಲಿ ನೀರು ಕಡಿಮೆ ಬರುವುದಕ್ಕೆ ಬಹಳ ಸಲ ಕಾರಣ ಮೋಟರ್ ಅಲ್ಲ, ಪೈಪು. ಅದನ್ನು ಊಹೆ ಮಾಡಬೇಕಾಗಿಲ್ಲ. ಒಂದು ಪ್ರೆಶರ್ ಗೇಜ್, ಒಂದು 200 ಲೀಟರ್ ಡ್ರಮ್, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಪಂಪ್ ಕಂಪನಿಯ ಒಂದು ಟೇಬಲ್ ಇದ್ದರೆ ಅರ್ಧ ದಿನದಲ್ಲಿ ಉತ್ತರ ಸಿಗುತ್ತದೆ. ಆ ಉತ್ತರ ಕೈಯಲ್ಲಿ ಇಲ್ಲದೆ ಹೊಸ ಪಂಪಿಗೆ ದುಡ್ಡು ಕೊಡಬೇಡಿ.

ಪಂಪು ಎಷ್ಟು ನೀರು ಕೊಡುತ್ತದೆ ಅನ್ನುವ ಪ್ರಶ್ನೆಯೇ ಅರ್ಧ

"ಈ ಪಂಪು ಎಷ್ಟು ನೀರು ಕೊಡ್ತದೆ?" ಅಂತ ನಾವು ಕೇಳ್ತೇವೆ. ಸೆಂಟ್ರಿಫ್ಯೂಗಲ್ ಪಂಪಿಗೆ ಆ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಒಳಗಿನ ಇಂಪೆಲ್ಲರ್ ನೀರನ್ನು ತಿರುಗಿಸಿ ಹೊರಕ್ಕೆ ಎಸೆಯುತ್ತದೆ. ಎದುರಿಗೆ ತಡೆ ಹೆಚ್ಚಿದ್ದರೆ ಕಡಿಮೆ ನೀರು ಹೋಗುತ್ತದೆ, ತಡೆ ಕಡಿಮೆ ಇದ್ದರೆ ಹೆಚ್ಚು ಹೋಗುತ್ತದೆ. ಎಷ್ಟು ತಡೆಗೆ ಎಷ್ಟು ನೀರು ಅನ್ನುವುದನ್ನು ತೋರಿಸುವ ಗೆರೆಯೇ ಪಂಪ್ ಕರ್ವ್. ತಡೆಯನ್ನು ಮೀಟರಿನಲ್ಲಿ ಹೇಳುತ್ತಾರೆ, ಅದಕ್ಕೆ ಹೆಡ್ ಅಂತ ಹೆಸರು. ನೀರನ್ನು ಸೆಕೆಂಡಿಗೆ ಇಷ್ಟು ಲೀಟರ್ ಅಂತ ಹೇಳುತ್ತಾರೆ.

ನಮ್ಮಲ್ಲಿ ಸಿಗುವ ಮೊನೊಬ್ಲಾಕ್ ಪಂಪುಗಳ ಕ್ಯಾಟಲಾಗಿನಲ್ಲಿ ಬಹಳ ಸಲ ಗೆರೆ ಇರುವುದಿಲ್ಲ, ಟೇಬಲ್ ಇರುತ್ತದೆ. ಮೇಲಿನ ಸಾಲಿನಲ್ಲಿ ಹೆಡ್, ಕೆಳಗೆ ಪ್ರತಿ ಮಾಡೆಲ್ಲಿಗೆ ಲೀಟರ್. ಅದೇ ಕರ್ವ್, ಚುಕ್ಕೆಗಳ ರೂಪದಲ್ಲಿ. ಮೊಬೈಲಿನಲ್ಲಿ ಆ ಪುಟದ ಫೋಟೋ ತೆಗೆದುಕೊಳ್ಳಿ. ಐಎಸ್‌ಐ ಗುರುತಿನ ಪಂಪಿನ ನೇಮ್‌ಪ್ಲೇಟ್ ಮೇಲೂ ಒಟ್ಟು ಹೆಡ್, ಡಿಸ್ಚಾರ್ಜ್, ಹೆಡ್ ರೇಂಜ್ ಬರೆದಿರುತ್ತದೆ. ಎಚ್‌ಪಿ ಒಂದನ್ನೇ ಓದಿ ಉಳಿದದ್ದನ್ನು ಬಿಡೋದು ನಮ್ಮ ಅಭ್ಯಾಸ.

ಇದು ಅರ್ಧ ಮಾತ್ರ. ಇನ್ನರ್ಧ ನಿಮ್ಮ ಜಾಗದಲ್ಲಿದೆ: ಬಾವಿ, ಗುಡ್ಡ, ಪೈಪು. ಅದಕ್ಕೂ ಒಂದು ಗೆರೆ ಇದೆ, ಸಿಸ್ಟಮ್ ಕರ್ವ್ ಅಂತಾರೆ. ನಾನು ಇಲ್ಲಿ ಸುಲಭಕ್ಕೆ "ಪಂಪಿನ ಗೆರೆ", "ಪೈಪಿನ ಗೆರೆ" ಅಂತಲೇ ಹೇಳ್ತೇನೆ. ಎರಡೂ ಗೆರೆ ಎಲ್ಲಿ ಒಂದನ್ನೊಂದು ದಾಟುತ್ತವೆಯೋ ಅಲ್ಲೇ ನಿಮ್ಮ ಪಂಪು ಓಡುತ್ತದೆ. ಅದೇ ಆಪರೇಟಿಂಗ್ ಪಾಯಿಂಟ್. ಪಂಪಿಗೆ ಬೇರೆ ಜಾಗದಲ್ಲಿ ಓಡುವ ಸ್ವಾತಂತ್ರ್ಯವೇ ಇಲ್ಲ.

ಒಂದು ತೋಟ ಹಿಡಿದು ನೋಡೋಣ

ಅಂಕೋಲಾದಿಂದ ಹುಬ್ಬಳ್ಳಿ ರಸ್ತೆಯಲ್ಲಿ ಅಗಸೂರು, ಹಿಲ್ಲೂರು ಕಡೆ ಹೋದರೆ ಇಂಥ ಜಾಗ ಕಾಣುತ್ತದೆ. ಕೆಳಗೆ ಗಂಗಾವಳಿ ಹೊಳೆ, ಅದರ ಬದಿಯ ಗದ್ದೆಯಲ್ಲಿ ಬಾವಿ, ಮೇಲೆ ಗುಡ್ಡದ ಇಳಿಜಾರಿನಲ್ಲಿ ಅಡಿಕೆ, ತೆಂಗು. ಲೆಕ್ಕಕ್ಕೆ ಅಂಥ ಒಂದು ತೋಟ ತಗೊಳ್ಳೋಣ.

ಬೇಸಿಗೆಯ ನೀರಿನ ಮಟ್ಟದಿಂದ ಪಂಪು 4 ಮೀಟರ್ ಮೇಲಿದೆ. ಪಂಪಿನಿಂದ ಮೇಲಿನ ಪೈಪಿನ ಬಾಯಿಗೆ 14 ಮೀಟರ್ ಏರು. ಒಟ್ಟು ಎತ್ತಬೇಕಾದದ್ದು 18 ಮೀಟರ್. ಡೆಲಿವರಿ ಪೈಪು ಎರಡು ಇಂಚಿನದ್ದು, ಅಂದ್ರೆ 63 ಎಂಎಂ ಪಿವಿಸಿ, ಉದ್ದ 250 ಮೀಟರ್. ಪಂಪು ಮೂರು ಎಚ್‌ಪಿ ಮೊನೊಬ್ಲಾಕ್. ಅದರ ಟೇಬಲ್ ಹೀಗಿದೆ ಅಂತ ಇಟ್ಟುಕೊಳ್ಳಿ:

- ನೀರು ಸೊನ್ನೆ (ವಾಲ್ವ್ ಬಂದ್): ಹೆಡ್ 34 ಮೀಟರ್
- ಸೆಕೆಂಡಿಗೆ 3 ಲೀಟರ್: 31 ಮೀಟರ್
- 4 ಲೀಟರ್: 29 ಮೀಟರ್
- 5 ಲೀಟರ್: 26 ಮೀಟರ್
- 6 ಲೀಟರ್: 22.5 ಮೀಟರ್
- 7 ಲೀಟರ್: 18 ಮೀಟರ್

ಈಗ ನೋಡಿ, 18 ಮೀಟರ್ ಎತ್ತಬೇಕು, ಟೇಬಲ್ಲಿನಲ್ಲಿ 18 ಮೀಟರಿಗೆ 7 ಲೀಟರ್ ಅಂತ ಇದೆ. ಅಂಗಡಿಯಲ್ಲಿ ಹಾಗೆ ಓದಿ ಖುಷಿಯಾಗಿ ತಂದಿರುತ್ತೇವೆ. ತೋಟದಲ್ಲಿ ಡ್ರಮ್ ಇಟ್ಟು ಅಳೆದರೆ 200 ಲೀಟರ್ ತುಂಬಲು 50 ಸೆಕೆಂಡ್ ಬೇಕು. ಸೆಕೆಂಡಿಗೆ 4 ಲೀಟರ್ ಆಯ್ತು. "ಕಂಪನಿ ಸುಳ್ಳು ಹೇಳಿದೆ" ಅನ್ನಿಸುತ್ತದೆ. ಸುಳ್ಳಲ್ಲ. ಉಳಿದ 3 ಲೀಟರ್ ಎಲ್ಲಿ ಹೋಯ್ತು ಅನ್ನೋದಕ್ಕೆ ಉತ್ತರ ಪೈಪಿನ ಒಳಗಿದೆ.

ಗೇಜ್ ಹೇಳುವ ಕತೆ

ಪಂಪಿನ ಡೆಲಿವರಿಗೆ, ಗೇಟ್‌ವಾಲ್ವಿಗಿಂತ ಮೊದಲು, ಒಂದು ಪ್ರೆಶರ್ ಗೇಜ್ ಕೂರಿಸಿ. ಕೆಜಿಯಲ್ಲಿ ತೋರಿಸುವ ಗೇಜ್ ಸಾಕು. ಒಂದು ಕೆಜಿ ಒತ್ತಡ ಅಂದ್ರೆ ಸುಮಾರು 10 ಮೀಟರ್ ನೀರು. ಇಷ್ಟೇ ಗೊತ್ತಿದ್ದರೆ ಆಯ್ತು.

ಮೊದಲ ಓದು: ಪಂಪು ಬಂದ್ ಮಾಡಿ, ಗೇಟ್‌ವಾಲ್ವ್ ತೆರೆದೇ ಇರಲಿ. ಪೈಪಿನಲ್ಲಿ ನೀರು ತುಂಬಿ ನಿಂತಿರಬೇಕು. ಫುಟ್‌ವಾಲ್ವ್ ಸರಿ ಇದ್ದರೆ ನಿಲ್ಲುತ್ತದೆ. ನಮ್ಮ ತೋಟದಲ್ಲಿ ಗೇಜ್ 1.4 ತೋರಿಸುತ್ತದೆ. ಅದು ಪಂಪಿನಿಂದ ಪೈಪಿನ ಬಾಯಿವರೆಗಿನ 14 ಮೀಟರ್ ಏರು. ಎತ್ತರ ನೋಡಲು ಮೊಬೈಲಿನ ಆಪ್ ನಂಬಬೇಡಿ, ಅದು ಹಲವು ಮೀಟರ್ ಆಚೀಚೆ ಹೇಳಬಹುದು. ಈ ಗೇಜ್ ಅದಕ್ಕಿಂತ ಎಷ್ಟೋ ಮೇಲು. ನಿಂತ ಮುಳ್ಳು ನಿಧಾನಕ್ಕೆ ಇಳಿಯುತ್ತಾ ಹೋದರೆ ಫುಟ್‌ವಾಲ್ವ್ ಸೋರುತ್ತಿದೆ ಅಂತ ಅರ್ಥ. ಮೊದಲು ಅದನ್ನು ಸರಿ ಮಾಡಿ.

ಎರಡನೇ ಓದು: ಪಂಪು ಚಾಲು ಮಾಡಿ, ಮೇಲೆ ನೀರು ಸರಿಯಾಗಿ ಬರಲು ಶುರುವಾದ ಮೇಲೆ ನೋಡಿ. ಗೇಜ್ 2.4 ತೋರಿಸುತ್ತದೆ.

ಏರು ಅಷ್ಟೇ ಇದೆ, ಗುಡ್ಡ ಬೆಳೆದಿಲ್ಲ. ಹಾಗಾದರೆ 1.4 ಇದ್ದದ್ದು 2.4 ಯಾಕಾಯ್ತು? ಆ ಒಂದು ಕೆಜಿ, ಅಂದ್ರೆ 10 ಮೀಟರ್, ನೀರನ್ನು 250 ಮೀಟರ್ ಸಣ್ಣ ಪೈಪಿನಲ್ಲಿ ನೂಕುವುದಕ್ಕೆ ಹೋಗುತ್ತಿದೆ. ಇದಕ್ಕೆ ಫ್ರಿಕ್ಷನ್ ಅಂತಾರೆ. ಫುಟ್‌ವಾಲ್ವ್ ಮತ್ತು ಸಕ್ಷನ್ ಪೈಪಿಗೆ ಅಂದಾಜು ಇನ್ನೊಂದು ಮೀಟರ್ ಸೇರಿಸಿ, 11 ಆಯ್ತು. ಎತ್ತುವುದು 18, ಪೈಪು ತಿನ್ನುವುದು 11, ಒಟ್ಟು ಹೆಡ್ 29. ಈಗ ಪಂಪಿನ ಟೇಬಲ್ ನೋಡಿ: 29 ಮೀಟರಿಗೆ 4 ಲೀಟರ್. ಡ್ರಮ್ ಹೇಳಿದ್ದೂ ಅದೇ. ಕಂಪನಿ ಸುಳ್ಳು ಹೇಳಿರಲಿಲ್ಲ, ನಾವು 18ರ ಕೆಳಗೆ ಓದಿದ್ದೇ ತಪ್ಪು.

ಇಲ್ಲಿ ಒಂದು ಎಚ್ಚರಿಕೆ. ಗೇಜ್ ಮತ್ತು ಡ್ರಮ್ ಟೇಬಲ್ಲಿಗೆ ಹೊಂದದೇ ಇದ್ದರೆ, ಅಂದ್ರೆ ಹೆಡ್ 29 ಇದ್ದೂ ನೀರು 3 ಲೀಟರ್ ಮಾತ್ರ ಬಂದರೆ, ಆಗ ಪಂಪಿನಲ್ಲೇ ದೋಷ ಹುಡುಕಬೇಕು. ಅದಕ್ಕೆ ಗೇಟ್‌ವಾಲ್ವನ್ನು ಕೆಲವೇ ಸೆಕೆಂಡ್ ಪೂರ್ತಿ ಮುಚ್ಚಿ ಗೇಜ್ ನೋಡಿ. ಈ ಪಂಪಿನ ಬಂದ್ ಹೆಡ್ 34, ಸಕ್ಷನ್ ಏರು 4 ಕಳೆದರೆ ಗೇಜಿನಲ್ಲಿ 3 ಕೆಜಿ ಬರಬೇಕು. 2.5ಕ್ಕೇ ನಿಂತರೆ ಇಂಪೆಲ್ಲರ್ ಸವೆದಿದೆ, ಇಲ್ಲಾಂದ್ರೆ ಸಕ್ಷನ್ನಿನಲ್ಲಿ ಗಾಳಿ ಎಳೆಯುತ್ತಿದೆ. ವಾಲ್ವ್ ಮುಚ್ಚಿ ಹೆಚ್ಚು ಹೊತ್ತು ಓಡಿಸಬೇಡಿ, ಒಳಗಿನ ನೀರು ಕಾದು ಸೀಲ್ ಹಾಳಾಗುತ್ತದೆ.

ಒಂದು ಚುಕ್ಕೆಯಿಂದ ಪೂರ್ತಿ ಗೆರೆ

ಈಗ ಪೈಪಿನ ಗೆರೆ ಎಳೆಯೋಣ. ಗ್ರಾಫ್ ಹಾಳೆ ತಗೊಳ್ಳಿ. ಅಡ್ಡಕ್ಕೆ ಲೀಟರ್, ಉದ್ದಕ್ಕೆ ಮೀಟರ್.

ನೀರು ಸೊನ್ನೆ ಇದ್ದಾಗಲೂ ಗುಡ್ಡದ ಏರು ಇದ್ದೇ ಇದೆ. ಹಾಗಾಗಿ ಪೈಪಿನ ಗೆರೆ ಸೊನ್ನೆಯಿಂದಲ್ಲ, 18 ಮೀಟರಿನಿಂದ ಹೊರಡುತ್ತದೆ. ಅಲ್ಲಿಂದ ಮುಂದೆ ಒಂದೇ ನಿಯಮ: ನೀರು ಎರಡು ಪಟ್ಟು ಆದರೆ ಫ್ರಿಕ್ಷನ್ ಹತ್ತಿರ ಹತ್ತಿರ ನಾಲ್ಕು ಪಟ್ಟು ಆಗುತ್ತದೆ. ವರ್ಗದ ಲೆಕ್ಕ. ಪಿವಿಸಿ ಪೈಪಿನಲ್ಲಿ ನಾಲ್ಕಕ್ಕೆ ಸ್ವಲ್ಪ ಕಡಿಮೆ ಬರುತ್ತದೆ, ಆದರೆ ತೋಟದ ಲೆಕ್ಕಕ್ಕೆ ವರ್ಗವೇ ಸಾಕು.

4 ಲೀಟರಿಗೆ ಫ್ರಿಕ್ಷನ್ 11 ಅಂತ ಅಳೆದಿದ್ದೇವೆ. 2 ಲೀಟರಿಗೆ ಅದರ ಕಾಲು ಭಾಗ, ಸುಮಾರು 3. 18 ಕೂಡಿಸಿದರೆ 21. 5 ಲೀಟರಿಗೆ 11ನ್ನು 25ರಿಂದ ಗುಣಿಸಿ 16ರಿಂದ ಭಾಗಿಸಿ: ಸುಮಾರು 17, ಒಟ್ಟು 35. 6 ಲೀಟರಿಗೆ ಫ್ರಿಕ್ಷನ್ 25 ಹತ್ತಿರ, ಒಟ್ಟು 43. ಈ ಚುಕ್ಕೆಗಳನ್ನು ಸೇರಿಸಿ. ಗೆರೆ ಮೊದಲು ಮೆಲ್ಲಗೆ ಏರಿ ಆಮೇಲೆ ಗುಡ್ಡ ಹತ್ತಿದ ಹಾಗೆ ಕಡಿದಾಗಿ ಮೇಲೆ ಹೋಗುತ್ತದೆ. ಅದೇ ಹಾಳೆಯಲ್ಲಿ ಪಂಪಿನ ಟೇಬಲ್ಲಿನ ಚುಕ್ಕೆಗಳನ್ನೂ ಹಾಕಿ. ಪಂಪಿನ ಗೆರೆ 34ರಿಂದ ಹೊರಟು ಕೆಳಗೆ ಬಾಗುತ್ತದೆ. ಎರಡೂ 4 ಲೀಟರ್, 29 ಮೀಟರಿನಲ್ಲಿ ದಾಟುತ್ತವೆ.

ಹಾಳೆ ಈಗ ನಿಮ್ಮ ಕೈಯಲ್ಲಿದೆ. ಇನ್ನು ದುಡ್ಡು ಖರ್ಚು ಮಾಡದೆ ಬದಲಾವಣೆಗಳನ್ನು ಹಾಳೆಯ ಮೇಲೆ ಮಾಡಿ ನೋಡಬಹುದು.

ದೊಡ್ಡ ಮೋಟರೋ, ದೊಡ್ಡ ಪೈಪೋ

ಮೊದಲು ಐದು ಎಚ್‌ಪಿ ಹಾಕಿ ನೋಡೋಣ. ಅದರ ಟೇಬಲ್ಲಿನಲ್ಲಿ 4 ಲೀಟರಿಗೆ 37 ಮೀಟರ್, 5 ಲೀಟರಿಗೆ 34.5, 6 ಲೀಟರಿಗೆ 31 ಅಂತ ಇದೆ ಅಂದುಕೊಳ್ಳಿ. ಈ ಗೆರೆಯನ್ನು ಅದೇ ಹಾಳೆಯಲ್ಲಿ ಎಳೆದರೆ ಹಳೆಯ ಪೈಪಿನ ಗೆರೆಯನ್ನು 5 ಲೀಟರಿಗೆ ಸ್ವಲ್ಪ ಮೊದಲೇ ದಾಟುತ್ತದೆ. ಎರಡು ಎಚ್‌ಪಿ ಹೆಚ್ಚಿಸಿ ಸಿಕ್ಕಿದ್ದು ಒಂದು ಲೀಟರ್. ಯಾಕಂದ್ರೆ ಆ ಜಾಗದಲ್ಲಿ ಪೈಪಿನ ಗೆರೆ ಕಡಿದಾಗಿ ಏರುತ್ತಿದೆ. ದೊಡ್ಡ ಪಂಪು ಕೊಟ್ಟ ಹೆಚ್ಚಿನ ಹೆಡ್ಡನ್ನೆಲ್ಲ ಪೈಪು ನುಂಗುತ್ತದೆ. ಎತ್ತುವುದು 18 ಮೀಟರ್, ಮೋಟರ್ ದುಡಿಯುವುದು 35 ಮೀಟರಿಗೆ.

ಈಗ ಪಂಪು ಹಳೆಯ ಮೂರು ಎಚ್‌ಪಿಯೇ ಇರಲಿ. ಪೈಪನ್ನು ಎರಡೂವರೆ ಇಂಚು, ಅಂದ್ರೆ 75 ಎಂಎಂ ಮಾಡೋಣ. ಹೊರಗಿನಿಂದ ನೋಡಿದರೆ ಅರ್ಧ ಇಂಚಿನ ವ್ಯತ್ಯಾಸ. ಆದರೆ ಅಷ್ಟೇ ನೀರಿಗೆ ಫ್ರಿಕ್ಷನ್ ಸುಮಾರು ಶೇ 40ಕ್ಕೆ ಇಳಿಯುತ್ತದೆ, ಯಾಕಂದ್ರೆ ಫ್ರಿಕ್ಷನ್ ಪೈಪಿನ ಒಳವ್ಯಾಸದ ಹತ್ತಿರ ಹತ್ತಿರ ಐದನೇ ಘಾತದಲ್ಲಿ ಕಡಿಮೆಯಾಗುತ್ತದೆ. 4 ಲೀಟರಿಗೆ ಡೆಲಿವರಿಯ 10 ಮೀಟರ್ ಇದ್ದದ್ದು 4 ಆಯ್ತು, ಸಕ್ಷನ್ನಿನ 1 ಸೇರಿ 5. 5 ಲೀಟರಿಗೆ ಅದು 7.8, ಒಟ್ಟು 25.8 ಮೀಟರ್. ಪಂಪಿನ ಟೇಬಲ್ಲಿನಲ್ಲಿ 5 ಲೀಟರಿಗೆ 26 ಮೀಟರ್. ಗೆರೆ ಅಲ್ಲೇ ದಾಟಿತು.

ಐದು ಎಚ್‌ಪಿ ಹಾಕಿದರೂ 5 ಲೀಟರ್, ಪೈಪು ಬದಲಿಸಿದರೂ 5 ಲೀಟರ್. 72,000 ಲೀಟರ್ ಬಿಡಲು ಮೊದಲು 5 ತಾಸು ಬೇಕಿತ್ತು, ಈಗ 4 ತಾಸು ಸಾಕು. ಪೈಪು ಬದಲಿಸಿದ ಮೇಲೆ ಗೇಜ್ 2.4ರಿಂದ 2ಕ್ಕೆ ಇಳಿದಿರುತ್ತದೆ. "ಪ್ರೆಶರ್ ಕಡಿಮೆ ಆಯ್ತಲ್ಲ" ಅಂತ ಹೆದರಬೇಡಿ. ಪ್ರೆಶರ್ ಇಳಿದದ್ದೇ ನೀರು ಹೆಚ್ಚಿದ್ದಕ್ಕೆ ಸಾಕ್ಷಿ. ಡ್ರಮ್ 50 ಸೆಕೆಂಡಿನ ಬದಲು 40ಕ್ಕೆ ತುಂಬುತ್ತದೆ.

ಪೂರ್ತಿ 250 ಮೀಟರ್ ಒಟ್ಟಿಗೆ ಬದಲಿಸಲು ದುಡ್ಡಿಲ್ಲ ಅನ್ನೋದೂ ನಿಜವೇ. ಈ ವರ್ಷ ಅರ್ಧ ಬದಲಿಸಿ. ಹಾಳೆಯ ಲೆಕ್ಕದಲ್ಲಿ 4.4 ಲೀಟರ್ ಬರುತ್ತದೆ. ಮುಂದಿನ ವರ್ಷ ಉಳಿದರ್ಧ. ಯಾವ ಅರ್ಧ ಅನ್ನೋದು ಮುಖ್ಯವಲ್ಲ, ಎಷ್ಟು ಉದ್ದ ಅನ್ನೋದೇ ಮುಖ್ಯ. ಮೋಟರನ್ನು ಹೀಗೆ ಅರ್ಧರ್ಧ ಕೊಳ್ಳಲು ಆಗುವುದಿಲ್ಲ.

"ಕರೆಂಟ್ ಪುಕ್ಕಟೆ ಅಲ್ವಾ?"

ಈ ಮಾತು ಹೇಳಿದಾಗೆಲ್ಲ ಬರುವ ಉತ್ತರ ಇದು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಹಾಗಿದ್ದ ಮೇಲೆ ಪೈಪು 17 ಮೀಟರ್ ತಿಂದರೆ ನಮಗೇನು? ವಾದ ಸುಳ್ಳಲ್ಲ. ಬಿಲ್ ಕಟ್ಟುವವರಿಗೆ ಇರುವಷ್ಟು ನಷ್ಟ ನಮಗೆ ಕಾಣುವುದಿಲ್ಲ.

ಆದರೆ ಪುಕ್ಕಟೆ ಇರುವುದು ಯೂನಿಟ್ ಮಾತ್ರ. ಪಂಪು, ಸ್ಟಾರ್ಟರ್, ಕೇಬಲ್, ಸುಟ್ಟರೆ ವೈಂಡಿಂಗ್, ಇದಕ್ಕೆಲ್ಲ ಕೈಯಿಂದಲೇ ದುಡ್ಡು ಹಾಕಬೇಕು. ಒಂದೇ ಟ್ರಾನ್ಸ್‌ಫಾರ್ಮರಿನಲ್ಲಿ ಇರುವವರೆಲ್ಲ ಮೂರರಿಂದ ಐದಕ್ಕೆ ಹೋದರೆ ಬೇಸಿಗೆಯಲ್ಲಿ ವೋಲ್ಟೇಜ್ ಇಳಿಯುತ್ತದೆ, ಎಲ್ಲರ ಮೋಟರೂ ಬಿಸಿಯಾಗುತ್ತದೆ. ಆಗ ಇನ್ನೊಬ್ಬ ಏಳೂವರೆ ಎಚ್‌ಪಿ ತರುತ್ತಾನೆ. ಒಮ್ಮೆ ಹಾಕಿದ ಪೈಪಿಗೆ ವೋಲ್ಟೇಜಿನ ಹಂಗಿಲ್ಲ.

ದೊಡ್ಡ ಪಂಪು ಯಾವಾಗಲೂ ತಪ್ಪು ಅಂತ ನಾನು ಹೇಳುವುದಿಲ್ಲ. ಗೇಜ್ ಬಂದ್ ಇದ್ದಾಗ 2.8, ಚಾಲು ಇದ್ದಾಗ 3 ತೋರಿಸಿದರೆ ಪೈಪಿನ ತಪ್ಪಿಲ್ಲ, ಗುಡ್ಡವೇ ಎತ್ತರ. ಅಲ್ಲಿ ಪೈಪು ದೊಡ್ಡದು ಮಾಡಿ ಏನೂ ಸಿಗುವುದಿಲ್ಲ. ಹೆಚ್ಚು ಹೆಡ್ಡಿನ ಪಂಪೇ ಬೇಕು. ನನ್ನ ಲೆಕ್ಕ ಇಷ್ಟು: ಎರಡು ಓದುಗಳ ವ್ಯತ್ಯಾಸ, ಎತ್ತುವ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಮೊದಲು ಪೈಪಿನ ಅಂಗಡಿಗೆ ಹೋಗಿ.

ಕೆಳಗಿನ ಗದ್ದೆಗೆ ಬಿಟ್ಟಾಗ ಬರುವ ಸದ್ದು

ಇದೇ ಹಾಳೆ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ನಮ್ಮ ತೋಟದವರು ಸಂಜೆ ಅದೇ ಪಂಪಿನಿಂದ ಬಾವಿಯ ಹತ್ತಿರದ ಗದ್ದೆಯ ತರಕಾರಿಗೆ ನೀರು ಬಿಡುತ್ತಾರೆ. ಪೈಪು 50 ಮೀಟರ್, ಎತ್ತುವುದು 6 ಮೀಟರ್. "ಹತ್ತಿರ ಅಲ್ವಾ, ಮೋಟರಿಗೆ ಆರಾಮ" ಅಂತ ವಾಲ್ವ್ ಪೂರ್ತಿ ತೆರೆಯುತ್ತಾರೆ. ಸ್ವಲ್ಪ ಹೊತ್ತಿಗೆ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು, ಮೋಟರ್ ಮುಟ್ಟಲಾಗದಷ್ಟು ಬಿಸಿ.

ಗೆರೆ ಎಳೆದರೆ ಕಾರಣ ಕಾಣುತ್ತದೆ. ಈ ಪೈಪಿನ ಗೆರೆ 6 ಮೀಟರಿನಿಂದ ಹೊರಟು ನಿಧಾನವಾಗಿ ಏರುತ್ತದೆ. ಪಂಪಿನ ಗೆರೆಯನ್ನು ಅದು ದಾಟುವುದು ಸುಮಾರು 7.4 ಲೀಟರಿಗೆ, ಅಂದ್ರೆ ಟೇಬಲ್ಲಿನ ಕೊನೆಯ ಸಂಖ್ಯೆಯನ್ನೂ ಮೀರಿ. ನಾವು ಬಳಸುವ ಈ ಜಾತಿಯ ಪಂಪಿನಲ್ಲಿ ತಡೆ ಕಡಿಮೆಯಾದಷ್ಟೂ ನೀರು ಹೆಚ್ಚುತ್ತದೆ, ನೀರು ಹೆಚ್ಚಿದಷ್ಟೂ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಆರಾಮ ಅಲ್ಲ, ಅದಕ್ಕೆ ಓವರ್‌ಲೋಡ್.

ಸದ್ದು ಬರುವುದು ಸಕ್ಷನ್ನಿನಿಂದ. 4 ಲೀಟರಿಗೆ 1 ಮೀಟರ್ ಇದ್ದ ಸಕ್ಷನ್ ಫ್ರಿಕ್ಷನ್ 7.4 ಲೀಟರಿಗೆ 3.4 ಮೀಟರ್ ಆಗುತ್ತದೆ. ಬಾವಿಯ 4 ಮೀಟರ್ ಸೇರಿ 7.4 ಮೀಟರ್ ಎಳೆತ. ಸಮುದ್ರ ಮಟ್ಟದಲ್ಲೂ ಇಂಥ ಪಂಪು ನಂಬಿಕೆಯಿಂದ ಎಳೆಯುವುದು 6ರಿಂದ 7 ಮೀಟರ್ ಮಾತ್ರ. ಅದನ್ನು ಮೀರಿದರೆ ಇಂಪೆಲ್ಲರಿನ ಬಾಯಲ್ಲೇ ನೀರು ಆವಿಯ ಗುಳ್ಳೆಯಾಗಿ ಒಡೆಯುತ್ತದೆ. ಆ ಒಡೆತವೇ ಜಲ್ಲಿಯ ಸದ್ದು. ದಿನಾ ಹೀಗೆ ಓಡಿಸಿದರೆ ಇಂಪೆಲ್ಲರ್ ಹುಳು ತಿಂದ ಹಾಗೆ ಆಗುತ್ತದೆ.

ಮದ್ದು ಸುಲಭ. ಡೆಲಿವರಿಯ ಗೇಟ್‌ವಾಲ್ವನ್ನು ಗೇಜ್ 1.6 ತೋರಿಸುವ ತನಕ ಮುಚ್ಚುತ್ತಾ ಬನ್ನಿ. ಆಗ ಪಂಪು 6 ಲೀಟರ್, 22.5 ಮೀಟರಿನಲ್ಲಿ ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ವಾಲ್ವ್ ಮುಚ್ಚಬೇಕಾದದ್ದು ಡೆಲಿವರಿಯಲ್ಲಿ. ಸಕ್ಷನ್ ಬದಿಯಲ್ಲಿ ಎಂದೂ ತಡೆ ಹಾಕಬೇಡಿ.

ಏಪ್ರಿಲ್‌–ಮೇನಲ್ಲಿ ಬಾವಿ ಇಳಿದಾಗ ಇದೇ ಮಿತಿ ಬೇರೆ ದಾರಿಯಿಂದ ಬರುತ್ತದೆ. ನೀರು 2 ಮೀಟರ್ ಕೆಳಗೆ ಹೋದರೆ ಪೈಪಿನ ಪೂರ್ತಿ ಗೆರೆ 2 ಮೀಟರ್ ಮೇಲೆ ಸರಿಯುತ್ತದೆ. ಹಳೆಯ ಪೈಪಿನಲ್ಲಿ ಮೇಲಿನ ತೋಟಕ್ಕೆ ಬರುತ್ತಿದ್ದ 4 ಲೀಟರ್ ಸುಮಾರು 3.7 ಆಗುತ್ತದೆ. ಅದು ದೊಡ್ಡ ನಷ್ಟವಲ್ಲ. ಆದರೆ ಸಕ್ಷನ್ 6 ಮೀಟರ್ ದಾಟಿ ಮಿತಿಗೆ ಬಂದು ನಿಲ್ಲುತ್ತದೆ. ಆಗ ಬೇಕಾದದ್ದು ದೊಡ್ಡ ಪಂಪಲ್ಲ, ಇದೇ ಪಂಪನ್ನು ಬಾವಿಯಲ್ಲಿ ಎರಡು ಮೀಟರ್ ಕೆಳಗಿನ ಕಟ್ಟೆಗೆ ಇಳಿಸುವುದು.

ಬಾವಿಗೂ ಒಂದು ಮಿತಿ ಇದೆ

ಕೊನೆಯದಾಗಿ ನನ್ನದೇ ಮಾತಿಗೆ ಒಂದು ಅಡ್ಡಮಾತು. ಇಷ್ಟು ಹೊತ್ತು 4 ಲೀಟರನ್ನು 5 ಮಾಡುವ ಬಗ್ಗೆ ಹೇಳಿದೆ. ಅಗಸೂರಿನಂಥ ಒಳನಾಡಿಗೆ ಅದು ಸರಿ. ಆದರೆ ಗಂಗಾವಳಿ ಅಥವಾ ಕಾಳಿ ಸಮುದ್ರ ಸೇರುವ ಕಡೆ, ಗಜನಿ ಗದ್ದೆಗಳ ಪಕ್ಕದ ಬಾವಿಗಳಲ್ಲಿ ಹೆಚ್ಚು ನೀರು ಎಳೆಯುವುದೇ ಅಪಾಯ.

ಅಲ್ಲಿ ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲುತ್ತಿರುತ್ತದೆ, ಸಿಹಿ ನೀರು ಹಗುರ. ಎರಡರ ತೂಕದ ಲೆಕ್ಕ ಹಾಕಿದರೆ, ಸಮುದ್ರ ಮಟ್ಟಕ್ಕಿಂತ ಸಿಹಿ ನೀರು ಒಂದು ಅಡಿ ಮೇಲೆ ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿ ನೀರನ್ನು ಅದು ಕಾಯುತ್ತದೆ. ಮೇಲಿನ ಆ ಒಂದು ಅಡಿಯನ್ನು ನೀವು ಎಳೆದು ಇಳಿಸಿದರೆ ಕೆಳಗಿನ ಉಪ್ಪು ನೀರು ಬಾವಿಯ ತಳಕ್ಕೆ ಏರಲು ಹೊರಡುತ್ತದೆ. ಮರಳು ನೆಲದಲ್ಲಿ ಇದು ಬೇಗ ಆಗುತ್ತದೆ. ತೆಂಗು ಸ್ವಲ್ಪ ತಡೆದೀತು, ಅಡಿಕೆ ಮತ್ತು ತರಕಾರಿ ತಡೆಯುವುದಿಲ್ಲ.

ಹಾಗಾಗಿ ಹಾಳೆಯ ಮೇಲೆ ಮೂರನೇ ಗೆರೆಯೊಂದನ್ನು ನೆಟ್ಟಗೆ ಎಳೆಯಿರಿ: ಬಾವಿ ಎಷ್ಟು ಕೊಡುತ್ತದೆ ಅನ್ನುವ ಗೆರೆ. ಮೇ ತಿಂಗಳಲ್ಲಿ ಹಗ್ಗಕ್ಕೆ ಗಂಟು ಹಾಕಿ ನೀರಿನ ಮಟ್ಟ ಗುರುತು ಮಾಡಿ, ಪಂಪು ಒಂದು ತಾಸು ಓಡಿಸಿ ಮತ್ತೆ ಅಳೆಯಿರಿ. ಮಟ್ಟ ಸ್ವಲ್ಪ ಇಳಿದು ಅಲ್ಲೇ ನಿಂತರೆ ಬಾವಿ ಆ ಹರಿವನ್ನು ತಡೆಯುತ್ತದೆ. ಇಳಿಯುತ್ತಲೇ ಹೋದರೆ ತಡೆಯುವುದಿಲ್ಲ. ಅಂಥ ಬಾವಿಯಲ್ಲಿ ಸೆಕೆಂಡಿಗೆ 2 ಲೀಟರ್ ಮಾತ್ರ ಸರಿ ಅಂತಾದರೆ ಆ 2 ಲೀಟರಿನಲ್ಲಿ ದಾಟುವ ಸಣ್ಣ ಪಂಪನ್ನೇ ಆರಿಸಿ. ದೊಡ್ಡ ಪಂಪು ತಂದು ವಾಲ್ವ್ ಮುಚ್ಚಿ ಓಡಿಸುವುದಕ್ಕಿಂತ ಅದು ಮೇಲು. ಯಾಕಂದ್ರೆ ಒಂದು ದಿನ ಯಾರೋ ವಾಲ್ವ್ ಪೂರ್ತಿ ತೆರೆದೇ ತೆರೆಯುತ್ತಾರೆ.

ಮುಂದಿನ ಸಲ ಪಂಪ್ ಅಂಗಡಿಗೆ ಹೋದಾಗ "ಐದು ಎಚ್‌ಪಿ ಕೊಡಿ" ಅನ್ನಬೇಡಿ. "29 ಮೀಟರಿಗೆ 4 ಲೀಟರ್ ಕೊಡುವ ಪಂಪು ಯಾವುದಿದೆ, ಟೇಬಲ್ ತೋರಿಸಿ" ಅನ್ನಿ. ಟೇಬಲ್ ತೋರಿಸದ ಅಂಗಡಿಯಿಂದ ಪಂಪು ಕೊಳ್ಳಬೇಡಿ. ಮತ್ತು ಆ 29 ಎಂಬ ಸಂಖ್ಯೆ ನಿಮ್ಮ ಗೇಜಿನಿಂದ ಬಂದಿರಲಿ, ಪಕ್ಕದ ತೋಟದವರ ಮಾತಿನಿಂದ ಅಲ್ಲ. ಅವರ ಗುಡ್ಡ ಬೇರೆ, ಅವರ ಪೈಪೂ ಬೇರೆ.